ಟ್ರೇಗೆ ಬಿದ್ದ 51 ಗ್ರಾಂ

ಇದೆಲ್ಲ ಶುರುವಾದದ್ದು ಹೆಂಡತಿಯ ಲೆಕ್ಕದ ಶೀಟಿನಿಂದ. ಡಯಟೀಶಿಯನ್ ದಿನಕ್ಕೆ ಇಷ್ಟೇ ಕ್ಯಾಲೊರಿ ಎಂದು ಬರೆದುಕೊಟ್ಟ ಮೇಲೆ ಅವಳು ಬೆಳಗ್ಗಿನ ನೀರ್‌ದೋಸೆಯಿಂದ ಹಿಡಿದು ರಾತ್ರಿಯ ಗಂಜಿಯವರೆಗೆ ಎಲ್ಲವನ್ನೂ ಫೋನಿನಲ್ಲಿ ತುಂಬಿಸುತ್ತಾಳೆ. ಭಾನುವಾರ ನಾನು ಅಂಗಳದಲ್ಲಿ ಕೋಳಿ ಸುಡುತ್ತಿದ್ದಾಗ ಕೆಂಡದ ಮೇಲೆ ಕೊಬ್ಬು ಚೊಂಯ್ ಎಂದು ಬೀಳುವುದನ್ನು ನೋಡಿ ಕೇಳಿದಳು: "ಅದೆಲ್ಲ ಕೆಳಗೆ ಹೋಯ್ತಲ್ಲ, ಅದನ್ನು ಎಷ್ಟು ಅಂತ ಕಳೀಬೇಕು ಮಾರಾಯ್ರೆ?"

ನನಗೆ ಗೊತ್ತಿರಲಿಲ್ಲ. ಆದರೆ ಸುಲಭ ಅಂತ ಅನಿಸಿತು. ಸುಡುವ ಮೊದಲು ತೂಗುವುದು, ಸುಟ್ಟ ಮೇಲೆ ತೂಗುವುದು, ಕಡಿಮೆಯಾದದ್ದನ್ನು ಒಂಬತ್ತರಿಂದ ಗುಣಿಸುವುದು. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ ಅನ್ನುವುದು ಅವಳ ಶೀಟಿನಲ್ಲೇ ಇತ್ತು.

ಮೊದಲ ಭಾನುವಾರ

ಕೋಳಿ ಅಂಗಡಿಯಲ್ಲಿ ವಿದ್ ಸ್ಕಿನ್ ತೊಡೆ ತೆಗೆದುಕೊಂಡೆ. ಎಲುಬು ತೆಗೆದು, ಚರ್ಮ ಮಾತ್ರ ಬಿಡಿ ಎಂದರೆ ಅಂಗಡಿಯವನಿಗೆ ಆಶ್ಚರ್ಯ. ನಮ್ಮೂರಲ್ಲಿ ಹೆಚ್ಚಿನವರು ಉಲ್ಟಾ ಕೇಳುತ್ತಾರೆ. ಎಲುಬು ಬೇಡ ಎಂದದ್ದು ಲೆಕ್ಕಕ್ಕಾಗಿ: ಪಟ್ಟಿಯಲ್ಲಿರುವ ಅಂಕಿಗಳೆಲ್ಲ ತಿನ್ನುವ ಭಾಗಕ್ಕೆ ಮಾತ್ರ, ಎಲುಬಿನ ತೂಕ ಸೇರಿದರೆ ಮೊದಲ ಹೆಜ್ಜೆಯೇ ತಪ್ಪು. ಮನೆಗೆ ತಂದು ತೂಗಿದಾಗ ಸರಿಯಾಗಿ 800 ಗ್ರಾಂ.

ನನ್ನ ಗ್ರಿಲ್ ಎಂದರೆ ಅಡುಗೆ ಎಣ್ಣೆ ಬಂದಿದ್ದ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ ಕಾಲು ಹಚ್ಚಿಸಿದ್ದು. ಗುಜರಿಯಿಂದ ತಂದದ್ದು. ಒಳಗಿನ ಬಣ್ಣ ಹೋಗಲಿ ಎಂದು ಒಂದು ಸಂಜೆಯಿಡೀ ಖಾಲಿ ಉರಿಸಿಟ್ಟಿದ್ದೆ. ಮೇಲಿನ ಜಾಲರಿ ಸ್ಟೀಲಿನದ್ದು. ಗುಜರಿಯವನು ಮೊದಲು ತೋರಿಸಿದ್ದು ಸತುವು ಲೇಪಿಸಿದ ಬೇಲಿಯ ಜಾಲರಿ. ಅದು ಕೆಂಡದ ಶಾಖಕ್ಕೆ ಕೆಟ್ಟ ಹೊಗೆ ಬಿಡುತ್ತದೆ, ಆಹಾರಕ್ಕೆ ಆಗದು. ಇದ್ದಿಲು ತೆಂಗಿನ ಗೆರಟೆಯದ್ದು.

ಕೆಂಡವನ್ನು ಪೂರ್ತಿ ಹರಡಿ, ಮೇಲೆ ಕೋಳಿ ಇಟ್ಟು ಸುಟ್ಟೆ. ಇಳಿಸಿ ತೂಗಿದಾಗ 545 ಗ್ರಾಂ. ಅಂದರೆ 255 ಗ್ರಾಂ ಹೋಯಿತು. ಒಂಬತ್ತರಿಂದ ಗುಣಿಸಿದರೆ 2,295 ಕ್ಯಾಲೊರಿ. ಅಮೆರಿಕದ ಕೃಷಿ ಇಲಾಖೆಯ FoodData Central ಪಟ್ಟಿಯಲ್ಲಿ ಚರ್ಮ ಸಹಿತ ಹಸಿ ಕೋಳಿ ತೊಡೆಗೆ 100 ಗ್ರಾಂಗೆ 221 ಕ್ಯಾಲೊರಿ ಎಂದಿದೆ. 800 ಗ್ರಾಂಗೆ 1,768. ಕಳೆದರೆ ಮೈನಸ್ 527.

ಹೆಂಡತಿ ಶೀಟಿನಲ್ಲಿ ಕೆಂಪು ಬಣ್ಣದಲ್ಲಿ ಬಂದ ಅಂಕಿಯನ್ನು ತೋರಿಸಿ, "ಇದನ್ನು ದಿನಾ ತಿಂದರೆ ನಾನು ಮಾಯವಾಗುವುದು ಗ್ಯಾರಂಟಿ" ಅಂದಳು.

ತಪ್ಪು ಎಲ್ಲಿ ಎಂದು ಅದೇ ಪಟ್ಟಿ ಹೇಳುತ್ತಿತ್ತು, ನಾನು ನೋಡಿರಲಿಲ್ಲ. ಹಸಿ ತೊಡೆಯಲ್ಲಿ 100 ಗ್ರಾಂಗೆ ಕೊಬ್ಬು ಇರುವುದು 16.6 ಗ್ರಾಂ. 800 ಗ್ರಾಂನಲ್ಲಿ ಒಟ್ಟು 133 ಗ್ರಾಂ. ಇದ್ದದ್ದೇ 133, ಹೋದದ್ದು 255 ಹೇಗಾದೀತು? ಹೋದದ್ದರಲ್ಲಿ ಹೆಚ್ಚಿನದು ನೀರು. ಹಸಿ ಮಾಂಸದ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ನೀರೇ. ಬಿಸಿಗೆ ಮಾಂಸದ ನಾರು ಮುದುಡಿ ನೀರನ್ನು ಹಿಂಡಿ ಹೊರಹಾಕುತ್ತದೆ, ಉಳಿದದ್ದು ಆವಿಯಾಗುತ್ತದೆ. ಕೆಂಡದ ಮೇಲೆ ಚೊಂಯ್ ಎಂದದ್ದು ಹೆಚ್ಚಾಗಿ ಆ ನೀರಿನ ಸದ್ದು. ಕೊಬ್ಬು ಬಿದ್ದರೆ ಸದ್ದಿಗಿಂತ ಹೆಚ್ಚು ಬೆಂಕಿ ಏಳುತ್ತದೆ.

ಹಾಗಾಗಿ ತೂಕದ ವ್ಯತ್ಯಾಸದಿಂದ ಕೊಬ್ಬಿನ ಲೆಕ್ಕ ಸಿಗುವುದಿಲ್ಲ. ಕೊಬ್ಬನ್ನೇ ಹಿಡಿದು ತೂಗಬೇಕು.

ಟ್ರೇ

ಕೆಂಡದ ಮೇಲೆ ನೇರವಾಗಿ ಸುಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಡ್ರಮ್ಮಿನ ಒಳಗೆ ಎರಡು ಸಾಲು ಇಟ್ಟಿಗೆ ಇಟ್ಟು ಕೆಂಡವನ್ನು ಎರಡು ತುದಿಗೆ ತಳ್ಳಿದೆ. ನಡುವೆ ಖಾಲಿ ಜಾಗ, ಅದರಲ್ಲಿ ಬೇಕರಿಯವರು ಬನ್ ಇಡುವಂಥ ಒಂದು ಟ್ರೇ. ಕೋಳಿ ಇಡುವುದು ಟ್ರೇಯ ನೇರ ಮೇಲೆ, ಕೆಂಡದ ಮೇಲೆ ಅಲ್ಲ. ಮುಚ್ಚಲು ಹಳೆಯ ದೊಡ್ಡ ಅಲ್ಯೂಮಿನಿಯಂ ಬೋಗುಣಿಯನ್ನು ಕವುಚಿ ಹಾಕಿದೆ. ಹೀಗೆ ಬೇಯಲು ನೇರ ಕೆಂಡಕ್ಕಿಂತ ಹೆಚ್ಚು ಹೊತ್ತು ಬೇಕು. ನನಗೆ ನಲವತ್ತು ನಿಮಿಷ ಬೇಕಾಯಿತು, ಮಾಂಸದ ನಡುವೆ ಚುಚ್ಚಿದ ಥರ್ಮಾಮೀಟರ್ 74 ಡಿಗ್ರಿ ದಾಟುವವರೆಗೆ.

ಟ್ರೇಯಲ್ಲಿ ಎರಡು ಸಲ ಎಡವಿದೆ. ಮೊದಲ ಸಲ ಒಣ ಟ್ರೇ ಇಟ್ಟಿದ್ದೆ. ಬಿದ್ದ ಕೊಬ್ಬು ಅಲ್ಲೇ ಕಪ್ಪಾಗಿ ಕರಕಲು ಹಿಡಿದು ಹೊಗೆ ಎಬ್ಬಿಸಿತು. ತೂಗಲು ಉಳಿದದ್ದು ಅಂಟು ಮಾತ್ರ. ಆಮೇಲಿನ ಸಲ ಟ್ರೇಯಲ್ಲಿ ಒಂದು ಬೆರಳು ನೀರು ನಿಲ್ಲಿಸಿದೆ. ನೀರಿದ್ದಷ್ಟು ಹೊತ್ತು ಟ್ರೇ ನೂರು ಡಿಗ್ರಿ ದಾಟುವುದಿಲ್ಲ, ಕೊಬ್ಬು ಸುಡದೆ ಮೇಲೆ ತೇಲುತ್ತದೆ. ನಡುವೆ ಒಂದು ಸಲ ಇಣುಕಿ ನೀರು ಕಡಿಮೆಯಾಗಿದ್ದರೆ ಹಾಕಬೇಕು. ನೀರಿನ ತೂಕಕ್ಕೆ ಅರ್ಥವಿಲ್ಲ, ಅದನ್ನು ತೂಗುವುದೂ ಬೇಡ.

ಎರಡನೆಯ ಎಡವಟ್ಟು ಅಳತೆಯದ್ದು. ಟ್ರೇ ಮಾಂಸದಷ್ಟೇ ಅಗಲವಿತ್ತು. ಅಂಚಿನ ತುಂಡಿನಿಂದ ಹನಿ ಹೊರಗೆ ಬಿದ್ದು ಇಟ್ಟಿಗೆಯ ಸಂದಿನಲ್ಲಿ ಭಗ್ ಎಂದು ಹತ್ತಿಕೊಂಡಿತು. ಇದೇ ಗುರುತು: ಮುಚ್ಚಳದ ಕೆಳಗೆ ಇದ್ದಕ್ಕಿದ್ದಂತೆ ಹಳದಿ ಜ್ವಾಲೆ ಕಂಡರೆ ಕೊಬ್ಬು ಟ್ರೇ ತಪ್ಪಿಸಿಕೊಂಡಿದೆ. ಈಗ ಮಾಂಸದ ಸುತ್ತ ನಾಲ್ಕೂ ಕಡೆ ಮೂರು ಬೆರಳು ಟ್ರೇ ಹೊರಗೆ ಕಾಣುವಂತೆ ಇಡುತ್ತೇನೆ.

ಮೂರನೆಯ ಭಾನುವಾರ, ಲೆಕ್ಕ ಕೂಡಿದ್ದು

ಮತ್ತೆ ಅದೇ 800 ಗ್ರಾಂ, ಎಲುಬಿಲ್ಲದ, ಚರ್ಮವಿರುವ ತೊಡೆ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ವಿನೆಗರ್, ಉಪ್ಪು. ಸುಡುವಾಗ ಸವರಲು ತೆಂಗಿನೆಣ್ಣೆ. ಎಣ್ಣೆಯ ಲೋಟವನ್ನು ಬ್ರಶ್ ಸಮೇತ ಮೊದಲು ತೂಗಿ, ಕೊನೆಗೆ ತೂಗಿದೆ: ಹೋದದ್ದು 15 ಗ್ರಾಂ. "ಸ್ವಲ್ಪ ಸವರಿದ್ದು" ಎಂದು ಬಾಯಲ್ಲಿ ಹೇಳುವ ಎಣ್ಣೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಇರುತ್ತದೆ, 135 ಕ್ಯಾಲೊರಿ. ಇದನ್ನು ಸೇರಿಸದೆ ಸುರಿದದ್ದನ್ನು ಮಾತ್ರ ಕಳೆಯುವುದು ಮೋಸ, ಏಕೆಂದರೆ ಟ್ರೇಗೆ ಬಿದ್ದದ್ದರಲ್ಲಿ ಈ ಎಣ್ಣೆಯೂ ಇದೆ.

ಇಳಿಸಿದಾಗ ಕೋಳಿ 560 ಗ್ರಾಂ.

ಟ್ರೇಯಲ್ಲಿದ್ದುದನ್ನು ಬಿಸಿ ಇರುವಾಗಲೇ ಎತ್ತರದ ಸ್ಟೀಲ್ ಲೋಟಕ್ಕೆ ಸೋಸಿದೆ. ಎತ್ತರದ್ದೇ ಯಾಕೆಂದರೆ ಅಗಲದ ಪಾತ್ರೆಯಲ್ಲಿ ಕೊಬ್ಬು ತೆಳ್ಳಗೆ ಹರಡಿ ಎತ್ತಲು ಬರುವುದಿಲ್ಲ. ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಮೇಲೆ ಕಿತ್ತಳೆ ಬಣ್ಣದ ಪದರ, ಮೆಣಸಿನ ಬಣ್ಣವೆಲ್ಲ ಕೊಬ್ಬಿಗೆ ಹತ್ತಿತ್ತು. ಅದರ ಕೆಳಗೆ ಕಂದು ಬಣ್ಣದ ನಡುಗುವ ಜೆಲ್ಲಿ, ತಳದಲ್ಲಿ ಮಸಾಲೆಯ ಹಿಟ್ಟು. ಕೋಳಿಯ ಕೊಬ್ಬು ಫ್ರಿಜ್ಜಿನಲ್ಲೂ ಬೆಣ್ಣೆಯಷ್ಟೇ ಮೆತ್ತಗಿರುತ್ತದೆ, ಚಮಚ ಹಾಕಿದರೆ ಜೆಲ್ಲಿಯೂ ಜೊತೆಗೆ ಬರುತ್ತದೆ. ಎರಡು ಗಂಟೆ ಫ್ರೀಜರಿಗೆ ತಳ್ಳಿದ ಮೇಲೆ ಬಿಲ್ಲೆಯಂತೆ ಎದ್ದು ಬಂತು.

ಆ ಬಿಲ್ಲೆ 52 ಗ್ರಾಂ. ಆದರೆ ಅದರ ಹೊಟ್ಟೆಯಲ್ಲಿ ನೀರಿನ ಹನಿಗಳು ಸಿಕ್ಕಿಕೊಂಡಿರುತ್ತವೆ. ತೂಗಿದ ಸಣ್ಣ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟೆ. ಮೊದಲು ಚಟಪಟ ಸಿಡಿಯಿತು, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಸದ್ದು ನಿಂತು ಎಣ್ಣೆ ತಿಳಿಯಾಯಿತು. ಸದ್ದು ನಿಂತಿತೆಂದರೆ ನೀರು ಹೋಯಿತು. ಹೊಗೆ ಬರುವ ಮೊದಲು ಇಳಿಸಿ ತೂಗಿದಾಗ 46. ಆರು ಗ್ರಾಂ ನೀರಿತ್ತು. ತೂಗುವ ಮೊದಲು ಈ ಕೆಲಸ ಮಾಡದಿದ್ದರೆ ಪ್ರತಿ ಸಲವೂ ಕೊಬ್ಬು ಹೆಚ್ಚು ಹೋಯಿತೆಂದು ಸುಳ್ಳು ಖುಷಿ.

ಟ್ರೇಗೂ ಲೋಟಕ್ಕೂ ಅಂಟಿದ್ದನ್ನು ಬಿಡಲಿಲ್ಲ. ಮೊದಲೇ ತೂಗಿಟ್ಟ ಟಿಶ್ಯೂ ಕಾಗದದಲ್ಲಿ ಒರೆಸಿ, ಒದ್ದೆ ಆರಲು ಬೆಚ್ಚಗಿನ ಕಾವಲಿಯ ಮೇಲಿಟ್ಟು ಮತ್ತೆ ತೂಗಿದೆ. 5 ಗ್ರಾಂ ಹೆಚ್ಚು. ಒಟ್ಟು 51.

ಈಗ ಕೂಡಿ ಕಳೆಯೋಣ. ಹಸಿ ಮಾಂಸದಲ್ಲಿ ಕೊಬ್ಬು 133, ಎಣ್ಣೆ 15, ಸೇರಿ 148. ಟ್ರೇಗೆ ಬಿದ್ದದ್ದು 51. ತಟ್ಟೆಯಲ್ಲಿ ಉಳಿದದ್ದು 97 ಗ್ರಾಂ. ಮೂರನೇ ಒಂದು ಭಾಗ ಕೊಬ್ಬು ನಿಜವಾಗಿಯೂ ಹೋಗಿದೆ. ಕ್ಯಾಲೊರಿ: 1,768ಕ್ಕೆ 135 ಸೇರಿಸಿ, 51 × 9 = 459 ಕಳೆದರೆ 1,444.

ನನಗೆ ಹೆಮ್ಮೆಯಾಯಿತು. ಹೆಂಡತಿ ಶೀಟಿಗೆ ಹಾಕಿ ಹುಬ್ಬೇರಿಸಿದಳು. "ಇದು ಸುಟ್ಟ ಮೇಲೆ ಹೆಚ್ಚಾಯ್ತಲ್ಲ?"

ಹೌದು, ಹೆಚ್ಚಾಗಿತ್ತು. 97 ಗ್ರಾಂ ಕೊಬ್ಬು ಈಗ ಇರುವುದು 800 ಗ್ರಾಂನಲ್ಲಿ ಅಲ್ಲ, 560 ಗ್ರಾಂನಲ್ಲಿ. 100 ಗ್ರಾಂಗೆ 17.3 ಗ್ರಾಂ ಕೊಬ್ಬು, ಹಸಿಯಲ್ಲಿದ್ದದ್ದು 16.6. ಕ್ಯಾಲೊರಿ 100 ಗ್ರಾಂಗೆ 258, ಹಸಿಯಲ್ಲಿ 221. ಮೂರನೇ ಒಂದು ಭಾಗ ಕೊಬ್ಬು ಸುರಿದು ಹೋದ ಮೇಲೂ ತುಂಡಿನಿಂದ ತುಂಡಿಗೆ ನೋಡಿದರೆ ಸುಟ್ಟ ಕೋಳಿಯೇ ಗಟ್ಟಿ, ಏಕೆಂದರೆ ಕೊಬ್ಬಿಗಿಂತ ಹೆಚ್ಚು ನೀರು ಹೋಗಿದೆ. ಇಡೀ ಕೋಳಿಯ ಲೆಕ್ಕದಲ್ಲಿ ಕಡಿಮೆ, ತಟ್ಟೆಯ 100 ಗ್ರಾಂನ ಲೆಕ್ಕದಲ್ಲಿ ಹೆಚ್ಚು. ಎರಡೂ ನಿಜ.

ಈ ಒಂದು ವಿಷಯ ತಿಳಿಯದೆ ಅವಳು ತಿಂಗಳುಗಟ್ಟಲೆ ತಪ್ಪು ತುಂಬಿಸಿದ್ದಳು. ಸುಟ್ಟ ತುಂಡನ್ನು ತೂಗಿ, 140 ಗ್ರಾಂ ಎಂದು, ಫೋನಿನಲ್ಲಿ ಹಸಿ ತೊಡೆ ಆರಿಸುತ್ತಿದ್ದಳು: 309 ಕ್ಯಾಲೊರಿ. ನಿಜದ ಲೆಕ್ಕ 361. ಅದರ ಮೇಲೆ "ಗ್ರಿಲ್ ಅಲ್ವಾ" ಎಂದು ಇನ್ನೊಂದಿಷ್ಟು ಕಳೆಯುತ್ತಿದ್ದಳಂತೆ.

ಶೀಟಿನಲ್ಲಿ ಈಗ ಇರುವ ಸೂತ್ರಗಳು ಇವು. A2 ಹಸಿ ತೂಕ, B2 ಹಸಿಯ 100 ಗ್ರಾಂನಲ್ಲಿ ಕೊಬ್ಬು, C2 ಸೇರಿಸಿದ ಎಣ್ಣೆ, D2 ಟ್ರೇಯಲ್ಲಿ ಸಿಕ್ಕಿದ ಕೊಬ್ಬು, E2 ಸುಟ್ಟ ಮೇಲಿನ ತೂಕ, F2 ಹಸಿಯ 100 ಗ್ರಾಂನ ಕ್ಯಾಲೊರಿ. ಮೊದಲನೆಯದು ಸುಟ್ಟ 100 ಗ್ರಾಂನ ಕೊಬ್ಬು, ಎರಡನೆಯದು ಕ್ಯಾಲೊರಿ.

```
=(A2*B2/100 + C2 - D2) / E2 * 100
=(A2*F2/100 + C2*9 - D2*9) / E2 * 100
```

ಎಲುಬು ಸಮೇತ ಸುಟ್ಟರೆ ತಿಂದು ಮುಗಿದ ಮೇಲೆ ಎಲುಬುಗಳನ್ನು ತೂಗಿ A2, E2 ಎರಡರಿಂದಲೂ ಕಳೆಯುತ್ತೇವೆ. ಎಲುಬೂ ಸುಡುವಾಗ ಒಂದಿಷ್ಟು ಒಣಗುವುದರಿಂದ ಇದು ಅಂದಾಜು, ಆದರೆ ಎಲುಬನ್ನೇ ಮಾಂಸವೆಂದು ಲೆಕ್ಕ ಹಾಕುವುದಕ್ಕಿಂತ ಎಷ್ಟೋ ವಾಸಿ.

ಪಟ್ಟಿಯ ಜೊತೆ ತಾಳೆ

ನನ್ನ 51 ಗ್ರಾಂ ನಂಬಬಹುದೇ ಎಂದು ನೋಡಲು ಅದೇ FoodData Centralನಲ್ಲಿ ಚರ್ಮ ಸಹಿತ ರೋಸ್ಟ್ ಮಾಡಿದ ತೊಡೆಯನ್ನು ತೆಗೆದೆ. 100 ಗ್ರಾಂಗೆ 232 ಕ್ಯಾಲೊರಿ, ಕೊಬ್ಬು 14.7, ಪ್ರೋಟೀನ್ 23.3. ಹಸಿಯಲ್ಲಿ ಕೊಬ್ಬು 16.6, ಪ್ರೋಟೀನ್ 16.5.

ಇಲ್ಲಿ ಪ್ರೋಟೀನ್ ಒಂದು ಗೂಟದ ಹಾಗೆ. ಜೆಲ್ಲಿಯಲ್ಲಿ ಹೋಗುವ ಸ್ವಲ್ಪವನ್ನು ಬಿಟ್ಟರೆ ಪ್ರೋಟೀನ್ ಸುರಿದು ಹೋಗುವುದಿಲ್ಲ, ಆವಿಯೂ ಆಗುವುದಿಲ್ಲ. ಹಾಗಾಗಿ ಒಂದು ಗ್ರಾಂ ಪ್ರೋಟೀನಿಗೆ ಕೊಬ್ಬು ಎಷ್ಟು ಎಂದು ನೋಡಿದರೆ ನೀರಿನ ಗೊಂದಲ ತಪ್ಪುತ್ತದೆ. ಹಸಿಯಲ್ಲಿ ಒಂದಕ್ಕೆ ಒಂದು. ರೋಸ್ಟಿನಲ್ಲಿ ಒಂದಕ್ಕೆ 0.63. ಅಂದರೆ ಅವರ ಕೋಳಿಯಲ್ಲಿ ಕೊಬ್ಬಿನ 63 ಶೇಕಡಾ ಉಳಿದಿದೆ, 37 ಹೋಗಿದೆ. ನನ್ನದರಲ್ಲಿ 148ರಲ್ಲಿ 97, ಅಂದರೆ ಸುಮಾರು 66 ಉಳಿದಿದೆ. ನನ್ನ ಮಾಂಸದ 132 ಗ್ರಾಂ ಪ್ರೋಟೀನನ್ನು 560ಕ್ಕೆ ಹಂಚಿದರೆ 100 ಗ್ರಾಂಗೆ 23.6 ಬರುತ್ತದೆ, ಪಟ್ಟಿಯದು 23.3. ಗುಜರಿ ಡ್ರಮ್ಮಿಗೆ ಇಷ್ಟು ಸಾಕು.

ಟ್ರೇ ಇಡಲು ಪುರುಸೊತ್ತಿಲ್ಲದ ದಿನ ನಾವು ಈಗ ಮಾಡುವುದು ಇಷ್ಟೇ: ಸುಟ್ಟ ತೂಕಕ್ಕೆ ರೋಸ್ಟ್ ಅಂಕಿ, ಮೇಲೆ ಸವರಿದ ಎಣ್ಣೆ. ಅದರಿಂದ ಮತ್ತೆ ಏನನ್ನೂ ಕಳೆಯುವುದಿಲ್ಲ, ಏಕೆಂದರೆ ರೋಸ್ಟ್ ಅಂಕಿಯಲ್ಲಿ ಸುರಿದ ಕೊಬ್ಬು ಆಗಲೇ ಕಳೆದಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಬಳಸುವವರು ಗಮನಿಸಬೇಕು, ಅದರಲ್ಲಿ ಮಾಂಸದ ಅಂಕಿಗಳು ಹಸಿಯವು, ಶಕ್ತಿಯೂ ಕಿಲೋಜೂಲ್‌ನಲ್ಲಿ ಇರುತ್ತದೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ. ಹಸಿ ಅಂಕಿ ಹಿಡಿದರೆ ಹಸಿ ತೂಕವನ್ನೇ ಹಿಡಿಯಬೇಕು.

ಚರ್ಮ ತೆಗೆದ ಎದೆಯ ತುಂಡಿಗೆ ಈ ಯಾವ ಸರ್ಕಸ್ಸೂ ಬೇಡ. ಅದರಲ್ಲಿ 100 ಗ್ರಾಂಗೆ ಮೂರು ಗ್ರಾಂ ಕೊಬ್ಬೂ ಇಲ್ಲ, ಸುರಿಯಲು ಏನಿದೆ? ನೀವು ಸವರಿದ ಎಣ್ಣೆಯೇ ಕೆಳಗೆ ಬೀಳುತ್ತದೆ.

ಲೆಕ್ಕದ ದೊಡ್ಡ ಸಂಶಯ ಟ್ರೇಯಲ್ಲಿ ಇಲ್ಲ, ಹಸಿ ಮಾಂಸದ 16.6ರಲ್ಲಿ ಇದೆ. ನಮ್ಮ ಅಂಗಡಿಯ ಕೋಳಿ ಆ ಅಂಕಿಗೆ ಸರಿಯಾಗಿ ಹುಟ್ಟಿಲ್ಲ. ಚರ್ಮ ಒಂದು ತುಂಡಿನಲ್ಲಿ ಜೋಲುತ್ತದೆ, ಇನ್ನೊಂದರಲ್ಲಿ ಅರ್ಧ ಹರಿದಿರುತ್ತದೆ. ಅದನ್ನು ಮನೆಯ ತಕ್ಕಡಿಯಲ್ಲಿ ಹಿಡಿಯಲು ಆಗದು. ಹೊಗೆಯಲ್ಲಿ ಹೋದ ಕೊಬ್ಬೂ ಟ್ರೇಗೆ ಸಿಗುವುದಿಲ್ಲ, ಆದರೆ ಅದು ಹೊಟ್ಟೆಗೂ ಹೋಗುವುದಿಲ್ಲವಾದ್ದರಿಂದ ಲೆಕ್ಕ ತುಸು ಹೆಚ್ಚು ತೋರಿಸುತ್ತದೆ, ಕಡಿಮೆ ಅಲ್ಲ. ಡಯಟೀಶಿಯನ್ ಬೈಯಲಾರರು.

ಪಕ್ಕದ ಮನೆಯ ಹಂದಿ ಮಾಂಸ

ಟ್ರೇ ನೋಡಲು ಬಂದ ಪಕ್ಕದ ಮನೆಯ ಅಂಕಲ್ ಮರುವಾರ 600 ಗ್ರಾಂ ಹಂದಿಯ ಹೊಟ್ಟೆಯ ಭಾಗ ತಂದುಕೊಟ್ಟರು. ಅವರ ಮನೆಯಲ್ಲಿ ಹಂದಿ ಎಂದರೆ ಬಫಾತ್. ಅದರಲ್ಲಿ ಕೊಬ್ಬು ಕರಗಿದರೂ ಸಾರಿನಲ್ಲೇ ಇರುತ್ತದೆ, ಸಣ್ಣದೊಂದು ಸಣ್ಣಾಸ್ ಅದ್ದಿದರೆ ವಾಪಸ್ ಬಾಯಿಗೆ. ಸುಟ್ಟರೆ ಎಷ್ಟು ಇಳಿಯುತ್ತದೆ ನೋಡುವ ಆಸೆ ಅವರಿಗೆ.

ಇಳಿಯಿತು. ಟ್ರೇ ನೋಡಿದ ಅಂಕಲ್, "ಇಷ್ಟು ಹೋದ ಮೇಲೆ ಉಳಿದದ್ದು ತರಕಾರಿಯೇ ಅಲ್ವಾ" ಎಂದರು. ಬಿಲ್ಲೆ ಬಿಳಿಯಾಗಿ, ಗಟ್ಟಿಯಾಗಿ, ಫ್ರೀಜರ್ ಇಲ್ಲದೆಯೇ ಎದ್ದು ಬಂತು. ಒರೆಸಿದ್ದೂ ಸೇರಿ 118 ಗ್ರಾಂ. ಮಾಂಸ 360 ಗ್ರಾಂ ಉಳಿದಿತ್ತು. ಪಟ್ಟಿಯ ಪ್ರಕಾರ ಹಸಿ ಹೊಟ್ಟೆಯ ಭಾಗದಲ್ಲಿ 100 ಗ್ರಾಂಗೆ 53 ಗ್ರಾಂ ಕೊಬ್ಬು, 518 ಕ್ಯಾಲೊರಿ. 600 ಗ್ರಾಂಗೆ ಕೊಬ್ಬು 318. 118 ಕಳೆದರೆ 200. ಕ್ಯಾಲೊರಿ 3,108ರಿಂದ 1,062 ಕಳೆದು 2,046. ಅಂಕಲ್ ತಟ್ಟೆಯ 100 ಗ್ರಾಂಗೆ 568. ಸಾವಿರ ಕ್ಯಾಲೊರಿ ಟ್ರೇಯಲ್ಲಿ ಕಣ್ಣೆದುರಿಗಿದ್ದರೂ ತುಂಡಿನ ಅರ್ಧಕ್ಕಿಂತ ಹೆಚ್ಚು ಇನ್ನೂ ಕೊಬ್ಬೇ. ನಾನು ಅಂಕಿ ಓದಿದೆ. ಅವರು ಇನ್ನೊಂದು ತುಂಡು ಹಾಕಿಕೊಂಡರು.

ಸೋರಿಕೆ

ಕೋಳಿಯ 46 ಗ್ರಾಂ ಕೊಬ್ಬನ್ನು ಮುಂದಿನ ಸಲ ಹೋಲಿಸಿ ನೋಡಲು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಬುಧವಾರ ತೆಗೆದರೆ ಡಬ್ಬಿ ಖಾಲಿ, ತೊಳೆದು ಒರೆಸಿ ಇಟ್ಟಿತ್ತು.

"ಅಮ್ಮಾ, ಇದರಲ್ಲಿದ್ದದ್ದು ಎಲ್ಲಿ?"

"ನಿನ್ನೆ ಮೊಟ್ಟೆ ಹಾಕಿ ನೀರುಳ್ಳಿ ಬಾಡಿಸಿದ್ದು ಅದರಲ್ಲೇ. ಎಂತ ಪರಿಮಳ! ನೀವೆಲ್ಲ ಚಪ್ಪರಿಸಿ ತಿಂದಿರಲ್ಲ."

ಹೆಂಡತಿ ಏನೂ ಹೇಳಲಿಲ್ಲ. ಫೋನ್ ತೆಗೆದು ಮಂಗಳವಾರದ ಸಾಲಿಗೆ ಹೋದಳು, 46 × 9 ಎಂದು ಬರೆದು 414 ಬಂದ ಮೇಲೆ ನಾಲ್ಕರಿಂದ ಭಾಗಿಸಿದಳು. ಅವಳ ಪಾಲಿಗೆ 103.